ಅಕ್ಕ ಬರೆ ಅಂದರೆ ಅಕ ಬರೆಯುವ ಹುಡುಗ

ಹತ್ತಕ್ಕೆ ಒಂದು. ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ, ನಾಲ್ಕನೇ ತರಗತಿಯ ಹುಡುಗನ ಉಕ್ತಲೇಖನದ ಪುಟದ ಮೇಲೆ ಕೆಂಪು ಶಾಯಿಯಲ್ಲಿ ಹಾಗೆ ಬರೆದಿತ್ತು. ಮೇಡಂ ಹೇಳಿದ ಪದಗಳು ಇವು: ಮರ, ಕೋತಿ, ಅಕ್ಕ, ಹಾಲು, ಮಣ್ಣು, ಶಾಲೆ, ಪುಸ್ತಕ, ಧನ, ಸೂರ್ಯ, ಚಂದ್ರ. ಹುಡುಗ ಬರೆದದ್ದು: ಮರ, ಕೊತಿ, ಅಕ, ಆಲು, ಮಣು, ಸಾಲೆ, ಪುತಕ, ದನ, ಸುಯರ, ಚದರ. ಸರಿಯಾದದ್ದು ಮರ ಒಂದೇ. ಕೆಳಗೆ ‘ತಪ್ಪಾದ ಪದಗಳನ್ನು ಐದು ಸಲ ಬರೆ’ ಎಂದಿತ್ತು. ಹುಡುಗ ಹೇಳಿದ ಮಾತು ಕೇಳುವವನು, ಅಷ್ಟನ್ನೂ ಬರೆದಿದ್ದ. ಮೂರನೇ ಸಲಕ್ಕೆ ಬರುವಷ್ಟರಲ್ಲಿ ಪುಸ್ತಕ ಮತ್ತೆ ಪುತಕವಾಗಿತ್ತು.

ಇದೇ ಹುಡುಗ ಸಂತೆಯ ದಿನ ತಾಯಿಯ ಪಕ್ಕ ಕೂತು ತರಕಾರಿ ಮಾರುತ್ತಾನೆ. ಮುಕ್ಕಾಲು ಕೆಜಿ ಹುರುಳಿಕಾಯಿ, ಒಂದೂವರೆ ಕೆಜಿ ಟೊಮೇಟೊ ತೂಗಿ, ಎರಡು ಕಟ್ಟು ಸೊಪ್ಪು ಸೇರಿಸಿ, ಐನೂರರ ನೋಟಿಗೆ ಚಿಲ್ಲರೆ ಎಣಿಸಿಕೊಡಲು ಅವನಿಗೆ ಪೆನ್ನು ಬೇಡ. ತರಗತಿಯ ಮೇಡಂಗೂ ಇದು ಗೊತ್ತಿತ್ತು. “ದಡ್ಡ ಅಲ್ಲ ಬಿಡಿ, ಸೋಂಬೇರಿ. ಮನಸ್ಸು ಮಾಡಿದರೆ ಬರೀತಾನೆ” ಎಂದರು. ಅವನ ತಾಯಿ ಬಾಗಿಲ ಹತ್ತಿರ ನಿಂತು, “ಬುಕ್ಕು ತೆಗೆದೇಟ್ಗೆ ವಟ್ಟೆನೋವು ಅಂತಾನೆ ಮೇಡಂ. ಆಮೇಲೆ ಆಟಕ್ಕೋದ್ರೆ ಯಾವ ನೋವೂ ಇಲ್ಲ” ಎಂದು ಸಣ್ಣ ದನಿಯಲ್ಲಿ ಹೇಳಿದರು.

ನಾನು ಆಗ ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕಿ. ಇಲಾಖೆಯವರು ಬಿಐಇಆರ್‌ಟಿ ಎನ್ನುವುದು ಈ ಹುದ್ದೆಗೆ. ಒಂದು ತಾಲ್ಲೂಕಿನ ಶಾಲೆಗಳಿಗೆಲ್ಲ ಬೆರಳೆಣಿಕೆಯ ಜನ ಇರುತ್ತೇವೆ. ಒಂದು ಶಾಲೆಗೆ ಹೋಗಿ ಬಂದರೆ ಮತ್ತೆ ಅಲ್ಲಿ ಕಾಲಿಡುವುದು ತಿಂಗಳ ಮೇಲೆ. ಹಾಗಾಗಿ ಡಿಸ್ಲೆಕ್ಸಿಯಾ ಇರುವ ಮಗುವಿಗೆ ಏನಾದರೂ ಆಗಬೇಕಿದ್ದರೆ ಅದು ದಿನವೂ ಅದೇ ಕೋಣೆಯಲ್ಲಿ ಇಪ್ಪತ್ತೆಂಟು ಮಕ್ಕಳ ಜೊತೆ ಇರುವ ಶಿಕ್ಷಕರಿಂದಲೇ ಆಗಬೇಕು. ಅವರು ಏನು ಮಾಡಬಹುದು, ಎಷ್ಟು ಮಾಡಬಹುದು ಎಂಬುದನ್ನು ಈ ಒಂದು ಪುಟ ಹಿಡಿದುಕೊಂಡೇ ಹೇಳುತ್ತೇನೆ. ತರಗತಿ ಶಿಕ್ಷಕಿಯಾಗಿದ್ದಾಗ ನಾನೂ ಇಂಥ ಪುಟಗಳಿಗೆ ಕೆಂಪು ಶಾಯಿ ಸುರಿದವಳೇ. ಒತ್ತಕ್ಷರ ಬಾರದ ಒಬ್ಬ ಹುಡುಗಿಯನ್ನು ವಾರಗಟ್ಟಲೆ ಹೊರಗೆ ಜಗಲಿಯಲ್ಲಿ ಕೂರಿಸಿ ಕಾಪಿ ಬರೆಸಿದ್ದೆ.

ಮೊದಲ ಕೆಲಸ ತಪ್ಪುಗಳನ್ನು ಜಾತಿವಾರು ಬೇರ್ಪಡಿಸುವುದು. ಒಂಬತ್ತು ತಪ್ಪುಗಳಲ್ಲಿ ಮೂರನ್ನು ನಾನು ಆಚೆಗಿಟ್ಟೆ: ಆಲು, ಸಾಲೆ, ದನ. ಅವು ಅವನ ಮನೆಯ ಮಾತು. ಅವನ ತಾಯಿ ಹಾಲಿಗೆ ಆಲು ಅನ್ನುತ್ತಾರೆ, ಹೊಟ್ಟೆಗೆ ವಟ್ಟೆ ಅನ್ನುತ್ತಾರೆ. ಮಹಾಪ್ರಾಣ ಆ ಊರಿನ ಬಾಯಲ್ಲೇ ಇಲ್ಲ. ಕೇಳಿಸಿದ ಹಾಗೆ ಬರೆದ ಮಗು ತಪ್ಪು ಮಾಡಿಲ್ಲ, ಬರವಣಿಗೆಯ ಕನ್ನಡ ಬೇರೆ ಇದೆ ಎಂಬುದನ್ನು ಇನ್ನೂ ಕಲಿತಿಲ್ಲ ಅಷ್ಟೇ. ಮನೆಯಲ್ಲಿ ಉರ್ದುವನ್ನೋ ತೆಲುಗನ್ನೋ ತುಳುವನ್ನೋ ಆಡುವ ಮಕ್ಕಳ ವಿಷಯದಲ್ಲೂ ಈ ಜರಡಿ ಬೇಕು. ಇದನ್ನು ಮಾಡದೆ ಹೋದರೆ ಅರ್ಧ ತರಗತಿಗೆ ಡಿಸ್ಲೆಕ್ಸಿಯಾ ಇದೆ ಎನ್ನಬೇಕಾಗುತ್ತದೆ. ಹಾಗೆ ಹೇಳಿದ ಶಿಕ್ಷಕರನ್ನು ನಾನು ಕಂಡಿದ್ದೇನೆ.

ಉಳಿದದ್ದು ಆರು. ಒಂದರಲ್ಲಿ ದೀರ್ಘ ಹೋಗಿದೆ: ಕೋತಿ ಕೊತಿಯಾಗಿದೆ. ಮಿಕ್ಕ ಐದರಲ್ಲೂ ಒಂದೇ ಸಂಗತಿ. ಅಕ್ಕ, ಮಣ್ಣು, ಪುಸ್ತಕ, ಸೂರ್ಯ, ಚಂದ್ರ, ಐದರಲ್ಲೂ ಒತ್ತಕ್ಷರ. ‘ಈ ಹುಡುಗನಿಗೆ ಏನೂ ಬರೆಯಲು ಬರುವುದಿಲ್ಲ’ ಎನ್ನುವುದಕ್ಕೂ ‘ಈ ಹುಡುಗನಿಗೆ ಒತ್ತು ಬರುವುದಿಲ್ಲ, ದೀರ್ಘ ಸಡಿಲ’ ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದಕ್ಕೆ ಯಾವ ಪಾಠವನ್ನೂ ಯೋಜಿಸಲಾಗುವುದಿಲ್ಲ.

ಒತ್ತಕ್ಷರವೇ ಯಾಕೆ? ಕನ್ನಡ ಆಡಿದಂತೆ ಬರೆಯುವ ಭಾಷೆ, ಅದರಲ್ಲಿ ಡಿಸ್ಲೆಕ್ಸಿಯಾ ಎಲ್ಲಿಂದ ಬರಬೇಕು ಎಂದು ಕೇಳುವವರು ಇದ್ದಾರೆ. ಆಡಿದಂತೆ ಬರೆಯುತ್ತೇವೆ ನಿಜ, ಆದರೆ ಆಡಿದ ಕ್ರಮದಲ್ಲಿ ಬರೆಯುವುದಿಲ್ಲ. ‘ಮಣ್ಣು’ ಎಂಬ ಪದವನ್ನೇ ನೋಡಿ. ಕಿವಿಗೆ ಬೀಳುವುದು ಮ, ಆಮೇಲೆ ಣ್, ಮತ್ತೊಂದು ಣ್, ಕೊನೆಗೆ ಉ. ಕಣ್ಣಿಗೆ ಕಾಣುವುದು ಮ, ಪಕ್ಕದಲ್ಲಿ ಇಡೀ ಣ, ಅದರ ಬಲಕ್ಕೆ ಕೊಂಬು, ಕೆಳಗೆ ಒತ್ತು. ಕೊನೆಗೆ ಕೇಳಿಸುವ ಉಕಾರದ ಚಿಹ್ನೆ ಮೇಲಿನ ಅಕ್ಷರಕ್ಕೆ ಅಂಟಿಕೊಂಡಿರುತ್ತದೆ, ಮಗು ಅದನ್ನು ಹಿಡಿದಿಟ್ಟುಕೊಂಡು ಕೆಳಗಿನ ಒತ್ತನ್ನು ಓದಿ ಆಮೇಲೆ ನುಡಿಯಬೇಕು. ‘ಸೂರ್ಯ’ ಇನ್ನೂ ಕಠಿಣ. ಅಲ್ಲಿ ರ್ ಮೊದಲು ಕೇಳಿಸುತ್ತದೆ, ಬರೆಯುವಾಗ ಅರ್ಕಾವೊತ್ತಾಗಿ ಯ ಆದ ಮೇಲೆ ಬರುತ್ತದೆ. ನಮ್ಮ ಹುಡುಗ ಸುಯರ ಎಂದು ಬರೆದದ್ದು ಮನಬಂದಂತೆ ಅಲ್ಲ. ಪುಸ್ತಕದಲ್ಲಿ ಕಂಡ ಕ್ರಮವನ್ನೇ ಅವನು ನೆನಪಿಟ್ಟುಕೊಂಡು ಬಿಡಿಸಿಟ್ಟಿದ್ದಾನೆ, ಯ ಮೊದಲು, ರ ಆಮೇಲೆ. ಚಂದ್ರದ ದ್ರ ಕೂಡ ಹಾಗೆಯೇ ದರ ಆಗಿದೆ.

ಹೆಚ್ಚಿನ ಮಕ್ಕಳು ಈ ಹೊಂದಾಣಿಕೆಯನ್ನು ಯಾರೂ ವಿವರಿಸದೆ ಹಿಡಿದುಬಿಡುತ್ತಾರೆ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ತೊಡಕಾಗುವುದು ಇಲ್ಲೇ. ಅದು ಕಣ್ಣಿನ ದೋಷವಲ್ಲ, ಬುದ್ಧಿಯ ಕೊರತೆಯೂ ಅಲ್ಲ. ಪದದೊಳಗಿನ ದನಿಗಳನ್ನು ಬಿಡಿಸಿ, ಒಂದೊಂದನ್ನೂ ಅದರ ಚಿಹ್ನೆಯ ಜೊತೆ ಬೆಸೆದು, ಮುಂದಿನ ಸಲ ಯೋಚಿಸದೆ ಹೊರಗೆ ಬರುವಂತೆ ಮಾಡುವ ಕೆಲಸ ಆ ಮಿದುಳಿನಲ್ಲಿ ನಿಧಾನ. 2007ರಲ್ಲಿ ಬಂದ ‘ತಾರೇ ಜಮೀನ್ ಪರ್’ ಸಿನಿಮಾ ಈ ಪದವನ್ನು ಮನೆಮನೆಗೆ ತಂದಿತು, ಉಪಕಾರವಾಯಿತು. ಆದರೆ ಅಂದಿನಿಂದ ಶಿಕ್ಷಕರು ನನ್ನನ್ನು ಕೇಳುವುದು ಎರಡೇ ಪ್ರಶ್ನೆ: ಅಕ್ಷರ ತಿರುವುಮುರುವು ಬರೀತಾನಾ, ಚಿತ್ರ ಚೆನ್ನಾಗಿ ಬಿಡಿಸ್ತಾನಾ? ನಮ್ಮ ಹುಡುಗ ಒಂದಕ್ಷರವನ್ನೂ ಕನ್ನಡಿಯಲ್ಲಿ ಕಂಡಂತೆ ಬರೆದಿರಲಿಲ್ಲ. ಚಿತ್ರವಂತೂ ಅವನ ಕೈಗೆ ಬಾರದ ವಿದ್ಯೆ.

ಹಾಗಾದರೆ ಗುರುತಿಸುವುದು ಹೇಗೆ? ಕನ್ನಡದಲ್ಲಿ ದೊಡ್ಡ ಸುಳಿವು ತಪ್ಪು ಓದುವುದಕ್ಕಿಂತ ನಿಧಾನ ಓದುವುದು. ನಾಲ್ಕನೇ ತರಗತಿಗೆ ಬಂದರೂ ಮಗು ಪದವನ್ನು ಪದವಾಗಿ ಓದದೆ ಒಂದೊಂದೇ ಅಕ್ಷರವನ್ನು ತಡವಿ ತಡವಿ ಹೇಳುತ್ತದೆ, ಸಾಲು ಮುಗಿಯುವಷ್ಟರಲ್ಲಿ ಸಾಲಿನ ಮೊದಲು ಮರೆತಿರುತ್ತದೆ. ಎರಡನೇ ತರಗತಿಯಲ್ಲಿ ಒತ್ತು ಬಾರದಿದ್ದರೆ ಗಾಬರಿ ಬೇಕಿಲ್ಲ. ಕಾಗುಣಿತವನ್ನೂ ಒತ್ತುಗಳನ್ನೂ ಸೇರಿಸಿದರೆ ಕನ್ನಡದ ಮಗು ಕಲಿಯಬೇಕಾದ ಅಕ್ಷರರೂಪಗಳು ನಾನೂರನ್ನು ಮೀರುತ್ತವೆ. ಬೆಂಗಳೂರಿನ ಸೋನಾಲಿ ನಾಗ್ ಅವರು ಕನ್ನಡ ಶಾಲೆಗಳ ಮಕ್ಕಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದೂ ಇದನ್ನೇ: ನಮ್ಮ ಅಕ್ಷರ ಕಲಿಕೆ ಮೊದಲ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ, ನಾಲ್ಕನೇ ತರಗತಿಯವರೆಗೂ ಎಳೆಯುತ್ತದೆ. ಆದ್ದರಿಂದ ವಯಸ್ಸನ್ನು ನೋಡಿ ಅಳೆಯಬೇಕು, ಜೊತೆಯವರನ್ನು ನೋಡಿ ಅಳೆಯಬೇಕು.

ನಾನು ಆ ದಿನ ಮಾಡಿದ್ದು ಎರಡು ಪರೀಕ್ಷೆ, ಒಟ್ಟು ಇಪ್ಪತ್ತು ನಿಮಿಷ. ಮೊದಲು ಅವನಿಗೆ ಪರಿಸರ ಅಧ್ಯಯನದ ಒಂದು ಪಾಠವನ್ನು ನಾನೇ ಓದಿ ಹೇಳಿ ಪ್ರಶ್ನೆ ಕೇಳಿದೆ. ಕೆರೆ ಯಾಕೆ ಬತ್ತುತ್ತದೆ ಎಂಬುದಕ್ಕೆ ಪಾಠದಲ್ಲಿಲ್ಲದ ಕಾರಣವನ್ನೂ ಸೇರಿಸಿ ಹೇಳಿದ. ಅದೇ ಪುಟವನ್ನು ಅವನ ಕೈಗೆ ಕೊಟ್ಟು ಓದಿಸಿದಾಗ ಒಂದು ನಿಮಿಷಕ್ಕೆ ಒಂಬತ್ತು ಪದ. ಕೇಳಿ ತಿಳಿಯುವುದಕ್ಕೂ ಓದಿ ತಿಳಿಯುವುದಕ್ಕೂ ನಡುವೆ ಹೀಗೆ ಕಂದಕ ಬಿದ್ದಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಕೇಳಿದರೂ ತಿಳಿಯದ ಮಗುವಿನ ಕಥೆ ಬೇರೆ. ಎರಡನೆಯದು ಪುಸ್ತಕ ಮುಚ್ಚಿಟ್ಟು ಆಡುವ ದನಿಯಾಟ. “ಕಮಲದಲ್ಲಿ ಮ ತೆಗೆದರೆ?” ಎಂದೆ, “ಕಲ” ಎಂದ. “ಕಿ ಅನ್ನೋದರಲ್ಲಿ ಇ ತೆಗೆದು ಉ ಹಾಕಿದರೆ?” ಎಂದೆ. ಬಹಳ ಹೊತ್ತು ಸುಮ್ಮನಿದ್ದು “ಕಿಉ” ಎಂದ. ಇಡೀ ಅಕ್ಷರವನ್ನು ಎತ್ತಿಡಲು ಬರುತ್ತದೆ, ಅಕ್ಷರದ ಒಳಗಿನ ವ್ಯಂಜನವನ್ನೂ ಸ್ವರವನ್ನೂ ಬಿಡಿಸಲು ಬರುವುದಿಲ್ಲ. ಒತ್ತು ಯಾಕೆ ಬರುತ್ತಿಲ್ಲ ಎಂಬುದಕ್ಕೆ ಉತ್ತರ ಅಲ್ಲೇ ಸಿಕ್ಕಿತು.

ಮೂರನೆಯದಕ್ಕೆ ಎರಡು ವಾರ ಬೇಕು, ಅದನ್ನು ತರಗತಿ ಶಿಕ್ಷಕಿಯೇ ಮಾಡಿದರು. ನಾಲ್ಕು ಒತ್ತಕ್ಷರಗಳನ್ನು ಅವನಿಗೂ ಅವನಂತೆ ಹಿಂದುಳಿದಿದ್ದ ಇನ್ನೂ ಮೂವರಿಗೂ ಒಟ್ಟಿಗೆ ಕಲಿಸಿದರು. ಎರಡು ವಾರಕ್ಕೆ ಮೂವರು ಹಿಡಿದರು. ಅವರು ಬಹಳ ದಿನ ಶಾಲೆ ತಪ್ಪಿಸಿದ್ದ ಮಕ್ಕಳು, ಅಷ್ಟೇ. ಇವನಿಗೆ ಸೋಮವಾರ ಬಂದದ್ದು ಗುರುವಾರಕ್ಕೆ ಇಲ್ಲ. ಕಲಿಸಿದರೂ ನಿಲ್ಲದಿರುವುದು ಡಿಸ್ಲೆಕ್ಸಿಯಾದ ಬಲವಾದ ಲಕ್ಷಣ. ಇದಕ್ಕೂ ಮೊದಲು ಕಣ್ಣು, ಕಿವಿ ತೋರಿಸಿಕೊಂಡು ಬರಲು ತಾಯಿಗೆ ಹೇಳಿದ್ದೆವು. ಕಿವಿ ಸೋರಿ ಅರ್ಧ ಕೇಳಿಸದ ಮಗುವನ್ನು ಡಿಸ್ಲೆಕ್ಸಿಯಾ ಪಟ್ಟಿಗೆ ಸೇರಿಸಿದ ಉದಾಹರಣೆಯೂ ನನ್ನ ಕಣ್ಣ ಮುಂದಿದೆ.

ಇನ್ನು ಪಾಠ. ಮೇಡಂ ನೇರವಾಗಿಯೇ ಕೇಳಿದರು: “ನನಗೆ ಎರಡು ತರಗತಿ ಒಟ್ಟಿಗೆ. ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಆನ್‌ಲೈನ್ ಹಾಜರಿ. ಇವನೊಬ್ಬನಿಗೆ ಯಾವಾಗ ಕಲಿಸಲಿ ಹೇಳಿ?” ನ್ಯಾಯವಾದ ಪ್ರಶ್ನೆ. ತರಬೇತಿಗಳಲ್ಲಿ ಹಂಚುವ ನಲವತ್ತು ಅಂಶಗಳ ಪಟ್ಟಿ ಕಪಾಟಿನಲ್ಲಿ ಉಳಿಯುವುದು ಈ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲದ್ದರಿಂದಲೇ. ನಾವು ಒಪ್ಪಿಕೊಂಡದ್ದು ಇಷ್ಟು: ವಾರಕ್ಕೆ ನಾಲ್ಕು ದಿನ, ಊಟದ ಗಂಟೆ ಮುಗಿದ ಕೂಡಲೇ ಹತ್ತು ನಿಮಿಷ, ಅವನ ಜೊತೆ ಇನ್ನೂ ಮೂರು ಮಕ್ಕಳು. ಒಬ್ಬನನ್ನೇ ಕರೆದರೆ ‘ಸ್ಪೆಷಲ್’ ಎಂಬ ಅಡ್ಡಹೆಸರು ಸಂಜೆಯೊಳಗೆ ಅಂಟುತ್ತದೆ.

ಆ ಹತ್ತು ನಿಮಿಷದಲ್ಲಿ ಏನು ಎಂಬುದೇ ಮುಖ್ಯ. ಒತ್ತುಗಳನ್ನು ಕ ಖ ಗ ಎಂದು ವರ್ಣಮಾಲೆಯ ಸಾಲಿನಲ್ಲಿ ಕಲಿಸಿದರೆ ಈ ಮಕ್ಕಳಿಗೆ ದಕ್ಕುವುದಿಲ್ಲ. ನಲಿಕಲಿಯಲ್ಲಿ ಅಕ್ಷರವನ್ನು ಅ ಆ ಇ ಈ ಕ್ರಮ ಬಿಟ್ಟು ರ ಗ ಸ ದ ಅ ಎಂದು ಶುರುಮಾಡುವುದಿಲ್ಲವೇ, ಹಾಗೆ ಇಲ್ಲೂ ಸುಲಭದ್ದು ಮೊದಲು ಬರಬೇಕು. ಒತ್ತಿನ ರೂಪ ತಾಯಕ್ಷರದ ಹಾಗೆಯೇ ಇದ್ದು ತಲೆಕಟ್ಟು ಇದ್ದರೆ ಅದು ಮಾತ್ರ ಬಿಟ್ಟುಹೋಗುವಂಥವು ಕೆಲವು: ಅಕ್ಕ, ಹಗ್ಗ, ಅಜ್ಜ, ಅಪ್ಪ, ಹಬ್ಬ. ಇವು ಮೊದಲ ತಂಡ. ಒತ್ತಿನ ರೂಪವೇ ಬದಲಾಗುವ ತ, ನ, ಮ, ಲ ಎರಡನೇ ತಂಡ: ಅತ್ತೆ, ಅನ್ನ, ಅಮ್ಮ, ಹಲ್ಲು. ಮಗು ದಿನವೂ ಬಳಸುವ ಅಮ್ಮ, ಅನ್ನ ಎಂಬ ಪದಗಳೇ ಬರೆಯಲು ಕಷ್ಟದ ತಂಡಕ್ಕೆ ಸೇರಿವೆ. ನಮ್ಮ ಶಿಕ್ಷಕರು ಅದರಿಂದಲೇ ಶುರುಮಾಡಿ ‘ಅಮ್ಮ ಅನ್ನೋದೂ ಬರಲ್ಲವಾ’ ಎಂದು ಬೈಯುವುದನ್ನು ಕೇಳಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಮೂರನೇ ತಂಡ ಬೇರೆ ಬೇರೆ ವ್ಯಂಜನ ಸೇರುವ ಪುಸ್ತಕ, ಚಂದ್ರದಂಥ ಪದಗಳು. ಅರ್ಕಾವೊತ್ತು ಎಲ್ಲಕ್ಕಿಂತ ಕೊನೆಗೆ.

ಒಂದು ದಿನಕ್ಕೆ ಒಂದೇ ಒತ್ತು, ಅದನ್ನೂ ಕಿವಿಯಿಂದ ಶುರುಮಾಡಬೇಕು. ಮೇಡಂ ‘ಕತೆ’ ಎಂದರೆ ಮಕ್ಕಳು ಸುಮ್ಮನಿರಬೇಕು, ‘ಕತ್ತೆ’ ಎಂದರೆ ಮುಷ್ಟಿ ಬಿಗಿಯಬೇಕು. ಒಲೆ, ಒಲ್ಲೆ. ಬಲೆ, ಬಲ್ಲೆ. ಎಲೆ, ಎಲ್ಲೆ. ಮೂರು ನಿಮಿಷ ಬರೀ ಇದು. ನಾಲಿಗೆ ಒಂದು ಕ್ಷಣ ತಡೆದು ನಿಲ್ಲುವ ಜಾಗ ಯಾವುದು ಎಂದು ಮುಷ್ಟಿ ತೋರಿಸುತ್ತದೆ. ಆಮೇಲೆ ಬಿಡಿಸಿ ಬರೆಯುವುದು: ಕರಿಹಲಗೆಯ ಮೇಲೆ ಕ್ + ಕ್ + ಅ ಎಂದು ಕೇಳಿಸಿದ ಕ್ರಮದಲ್ಲಿ ಬರೆದು, ಪಕ್ಕದಲ್ಲಿ ಕ್ಕ ಎಂದು ಬರೆದು, ಒತ್ತನ್ನು ಮಾತ್ರ ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ತೋರಿಸುವುದು. ಎರಡನೇ ಕ ಕೆಳಗಿಳಿದು ಕೂರುತ್ತದೆ ಎಂದು ಬಾಯಿಬಿಟ್ಟು ಹೇಳಬೇಕು. ಬೇರೆ ಮಕ್ಕಳು ಊಹಿಸಿಕೊಳ್ಳುವುದನ್ನು ಈ ಮಗುವಿಗೆ ಹೇಳಿಯೇ ಕೊಡಬೇಕು. ಆಮೇಲೆ ನಾಲ್ಕು ಪದ ಓದಿಸಿ, ನಾಲ್ಕು ಪದ ಬರೆಸಿ, ಅದರಲ್ಲಿ ಎರಡು ಹಿಂದಿನ ವಾರದವು. ಹಳೆಯದನ್ನು ಮತ್ತೆ ಮತ್ತೆ ಕೇಳದಿದ್ದರೆ ಕಲಿತದ್ದು ಸೋರಿಹೋಗುತ್ತದೆ. ದೀರ್ಘಕ್ಕೂ ಇದೇ ದಾರಿ: ಬಲ, ಬಾಲ, ಕರು, ಕಾರು, ಕೊಡು, ಕೋಡು ಎನ್ನುತ್ತ ಕೈಯನ್ನು ಮೇಜಿನ ಮೇಲೆ ಗಿಡ್ಡಕ್ಕೆ, ಉದ್ದಕ್ಕೆ ಎಳೆಯುವುದು.

ಇದು ಕಲಿಸುವ ಹತ್ತು ನಿಮಿಷ. ಉಳಿದ ಐದು ಗಂಟೆ ಅವನು ಅದೇ ತರಗತಿಯಲ್ಲಿ ವಿಜ್ಞಾನ, ಗಣಿತ, ಸಮಾಜ ಕಲಿಯಬೇಕಲ್ಲ? ಅಲ್ಲಿ ಶಿಕ್ಷಕರಿಗೆ ಹೊಸ ಕೆಲಸ ಹೆಚ್ಚೇನೂ ಬೀಳುವುದಿಲ್ಲ, ಮಾಡುತ್ತಿರುವ ಕೆಲವನ್ನು ಬಿಡಬೇಕಾಗುತ್ತದೆ. ಮೊದಲು ಬಿಡಬೇಕಾದ್ದು ಇದ್ದಕ್ಕಿದ್ದಂತೆ ಎಬ್ಬಿಸಿ ಗಟ್ಟಿಯಾಗಿ ಓದಿಸುವುದು. ಸಾಲಾಗಿ ಒಬ್ಬೊಬ್ಬರೇ ಒಂದು ಪ್ಯಾರಾ ಓದುವ ರೂಢಿಯಲ್ಲಿ ಈ ಹುಡುಗ ತನ್ನ ಸರದಿ ಎಷ್ಟನೆಯದು ಎಂದು ಎಣಿಸುತ್ತ ಕೂತಿರುತ್ತಾನೆ, ಪಾಠ ಕಿವಿಗೆ ಬೀಳುವುದೇ ಇಲ್ಲ. ಹೊಟ್ಟೆನೋವಿನ ಮೂಲವೂ ಇದೇ. ಅವನಿಗೆ ನಾಳೆ ಓದಬೇಕಾದ ಮೂರು ಸಾಲನ್ನು ಇವತ್ತೇ ಗುರುತು ಹಾಕಿ ಕೊಡಲು ನಿರ್ಧರಿಸಿದೆವು. ಅಕ್ಕನ ಹತ್ತಿರ ಮನೆಯಲ್ಲಿ ಆರು ಸಲ ಓದಿಕೊಂಡು ಬಂದು ಅವನೂ ಎಲ್ಲರಂತೆ ಎದ್ದು ನಿಂತು ಓದುತ್ತಿದ್ದ.

ಎರಡನೆಯದು ಹಲಗೆ ನೋಡಿ ಬರೆದುಕೊಳ್ಳುವುದು. ಉಳಿದವರು ಒಂದು ಸಲ ತಲೆ ಎತ್ತಿ ಮೂರು ಪದ ಹೊತ್ತು ತರುತ್ತಾರೆ, ಇವನು ಒಂದೊಂದು ಅಕ್ಷರಕ್ಕೂ ತಲೆ ಎತ್ತಬೇಕು. ಮಧ್ಯೆ ಸಾಲು ತಪ್ಪುತ್ತದೆ, ಅಷ್ಟರಲ್ಲಿ ಹಲಗೆ ಒರೆಸಿ ಆಗಿರುತ್ತದೆ. ಪಕ್ಕದ ಹುಡುಗಿಯ ನೋಟ್ ಪುಸ್ತಕದ ಅಡಿಗೆ ಕಾರ್ಬನ್ ಕಾಗದ, ಅದರ ಕೆಳಗೊಂದು ಬಿಡಿ ಹಾಳೆ ಇಟ್ಟೆವು. ಟಿಪ್ಪಣಿ ತಾನಾಗಿ ಇವನಿಗೂ ಬಂತು, ಆ ಹೊತ್ತಿನಲ್ಲಿ ಇವನು ಮೂರೇ ಮುಖ್ಯ ಸಾಲು ಬರೆದರೆ ಸಾಕು. ಓದುವಾಗ ಸಾಲು ತಪ್ಪದಿರಲು ಹಳೆಯ ಲಗ್ನಪತ್ರಿಕೆಯಲ್ಲಿ ಒಂದು ಸಾಲಿನಷ್ಟು ಕಿಂಡಿ ಕತ್ತರಿಸಿ ಕೊಟ್ಟೆವು. ಅದು ಜಾಗ ಹಿಡಿದಿಡುತ್ತದೆ, ಅಷ್ಟೇ. ಓದನ್ನು ಕಲಿಸುವುದಿಲ್ಲ. ಬಣ್ಣದ ಕನ್ನಡಕ ಹಾಕಿದರೆ ಡಿಸ್ಲೆಕ್ಸಿಯಾ ಹೋಗುತ್ತದೆ ಎಂದು ಮಾರುವವರಿಗೆ ಮಾತ್ರ ದಯವಿಟ್ಟು ದುಡ್ಡು ಕೊಡಬೇಡಿ.

ಮೂರನೆಯದು ಅಂಕ. ಗಣಿತದಲ್ಲಿ ಅವನಿಗೆ ಸೊನ್ನೆ ಬರುತ್ತಿದ್ದದ್ದು ಬರಹದ ಲೆಕ್ಕಗಳಲ್ಲಿ. ‘ಒಂದು ಪೆಟ್ಟಿಗೆಯಲ್ಲಿ 24 ಮಾವಿನ ಹಣ್ಣುಗಳಿವೆ’ ಎಂಬ ಸಾಲನ್ನೇ ಅವನು ದಾಟುತ್ತಿರಲಿಲ್ಲ. ಅದೇ ಲೆಕ್ಕವನ್ನು ಓದಿ ಹೇಳಿದರೆ ಮೇಡಂ ಹಲಗೆಯ ಮೇಲೆ ಮಾಡಿ ಮುಗಿಸುವ ಮೊದಲೇ ಉತ್ತರ ಬರುತ್ತಿತ್ತು. ಹಾಗಾಗಿ ಒಂದೇ ನಿಯಮ ಮಾಡಿಕೊಂಡೆವು: ಏನನ್ನು ಅಳೆಯುತ್ತಿದ್ದೇವೆ ಎಂದು ಮೊದಲು ಕೇಳಿಕೊಳ್ಳುವುದು. ಗಣಿತ, ಪರಿಸರದಲ್ಲಿ ಪ್ರಶ್ನೆಯನ್ನು ಓದಿ ಹೇಳುವುದು, ಉತ್ತರವನ್ನು ಬಾಯಲ್ಲಿ ಕೇಳುವುದು. ಎಫ್‌ಎ ಚಟುವಟಿಕೆಗಳನ್ನು ರೂಪಿಸುವುದು ಶಿಕ್ಷಕರೇ ಆದ್ದರಿಂದ ಇದಕ್ಕೆ ಯಾರ ಅಪ್ಪಣೆಯೂ ಬೇಡ. ಪ್ರಶ್ನೆಯನ್ನು ಇಡೀ ತರಗತಿಗೇ ಓದಿ ಹೇಳಿದರೆ ಇವನೊಬ್ಬನಿಗೆ ಎಂಬ ಮಾತೂ ಇಲ್ಲ. ಕನ್ನಡದಲ್ಲಿ ಮಾತ್ರ ಕಾಗುಣಿತ ನೋಡುವುದು, ಅಲ್ಲೂ ಈವರೆಗೆ ಕಲಿಸಿದ ಒತ್ತುಗಳನ್ನಷ್ಟೇ ಗುರುತು ಹಾಕುವುದು. ಪುಟಕ್ಕೆ ಎರಡು ವೃತ್ತ ಕಂಡ ಮಗು ಅದನ್ನು ತಿದ್ದಲು ಕೂರುತ್ತದೆ, ಇಪ್ಪತ್ತು ಕಂಡರೆ ಪುಸ್ತಕ ಮುಚ್ಚುತ್ತದೆ.

“ಉಳಿದ ಮಕ್ಕಳಿಗೆ ಅನ್ಯಾಯ ಅಲ್ಲವಾ?” ಎಂದು ಮುಖ್ಯಶಿಕ್ಷಕರು ಕೇಳಿದರು. ಕನ್ನಡಕ ಹಾಕಿಕೊಂಡಿದ್ದರು ಅವರು. ನಾನು ಅದನ್ನು ನೋಡಿ ನಕ್ಕೆ, ಅವರೂ ನಕ್ಕರು, ಮಾತು ಅಲ್ಲಿಗೆ ನಿಂತಿತು.

ಕಾನೂನಿನ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಡಿಸ್ಲೆಕ್ಸಿಯಾ ಇರಲೇ ಇಲ್ಲ. 2016ರ ಕಾಯ್ದೆ 21 ಬಗೆಯ ನ್ಯೂನತೆಗಳ ಪಟ್ಟಿಯಲ್ಲಿ ‘ನಿರ್ದಿಷ್ಟ ಕಲಿಕಾ ನ್ಯೂನತೆ’ಯನ್ನೂ ಸೇರಿಸಿತು. ಅಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾ ಕ್ರಮ ಕೈಗೊಳ್ಳಬೇಕು ಎಂದು 16ನೇ ಕಲಂ ಹೇಳುತ್ತದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕ, ದ್ವಿತೀಯ ಮತ್ತು ತೃತೀಯ ಭಾಷೆಯಿಂದ ವಿನಾಯಿತಿಯಂಥ ಮಾರ್ಪಾಡುಗಳ ಮಾತು 17ನೇ ಕಲಂನಲ್ಲಿದೆ. ಇವು ಪಡೆಯಲು ಪ್ರಮಾಣಪತ್ರ ಬೇಕು, ಅದಕ್ಕೆ ಜಿಲ್ಲಾ ಆಸ್ಪತ್ರೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಹೋಗಿ ಪರೀಕ್ಷೆ ಮಾಡಿಸಬೇಕು. 2018ರ ಮಾರ್ಗಸೂಚಿಯಲ್ಲಿ ಎಂಟು ವರ್ಷ ತುಂಬಿದ ಮೇಲಷ್ಟೇ ಪ್ರಮಾಣಪತ್ರ, 14ಕ್ಕೆ ಮತ್ತು 18ಕ್ಕೆ ಮತ್ತೆ ಪರೀಕ್ಷೆ ಎಂದಿತ್ತು. ಶಿಕ್ಷಕರು ‘ಇವನಿಗೆ ಡಿಸ್ಲೆಕ್ಸಿಯಾ’ ಎಂದು ಷರಾ ಬರೆಯುವಂತಿಲ್ಲ. ಆದರೆ ಇಲ್ಲಿ ನಾನು ಹೇಳಿದ ಯಾವುದಕ್ಕೂ ಪ್ರಮಾಣಪತ್ರ ಬೇಕಿಲ್ಲ. ಕಾಗದ ಬರಲಿ ಎಂದು ಕಾದು ಎರಡು ವರ್ಷ ಕಳೆಯುವುದೇ ನಮ್ಮಲ್ಲಿ ಹೆಚ್ಚಾಗಿ ಆಗುವ ನಷ್ಟ.

ಈ ಹುಡುಗನಿಗೆ ನಿಜವಾದ ಭಯ ಮುಂದಿದೆ, ಇಂಗ್ಲಿಷ್‌ನದು. ಅಲ್ಲಿ ಇಪ್ಪತ್ತಾರೇ ಅಕ್ಷರ, ಆದರೆ ಪುಟ್ ಮತ್ತು ಬಟ್ ಎರಡರಲ್ಲೂ ನಡುವಿನ ಅಕ್ಷರ ಒಂದೇ, ದನಿ ಬೇರೆ. ಕನ್ನಡದಲ್ಲಿ ನಿಧಾನವಾಗಿಯಾದರೂ ಸರಿಯಾಗಿ ಓದುವ ಮಗು ಇಂಗ್ಲಿಷ್‌ನಲ್ಲಿ ತಪ್ಪು ಓದಲು ಶುರುಮಾಡುತ್ತದೆ. ಆರನೇ ತರಗತಿಗೆ ಮೂರನೇ ಭಾಷೆಯೂ ಬರುತ್ತದೆ. ವಿನಾಯಿತಿಯ ಯೋಚನೆಯನ್ನು ಹತ್ತನೇ ತರಗತಿಯ ಅರ್ಜಿ ತುಂಬುವಾಗ ಅಲ್ಲ, ಈಗಲೇ ಮಾಡಿ ಎಂದು ತಾಯಿಗೆ ಹೇಳಿದೆ. “ಕಾಗ್ದ ತಗಂಡ್ರೆ ಮಗಿಗೆ ಕೆಟ್ಟೆಸ್ರು ಬರಲ್ವಾ ಮೇಡಂ?” ಎಂದರು. ಕೆಟ್ಟ ಹೆಸರು ಈಗಾಗಲೇ ಬಂದಿದೆ ತಾಯಿ, ಸೋಂಬೇರಿ ಅಂತ, ಎಂದೆ.

ಎಂಟು ತಿಂಗಳ ಮೇಲೆ ಅವನು ನಿಮಿಷಕ್ಕೆ ಇಪ್ಪತ್ತಮೂರು ಪದ ಓದುತ್ತಿದ್ದ. ಜೊತೆಯವರಿಗೆ ಹೋಲಿಸಿದರೆ ಅರ್ಧವೂ ಅಲ್ಲ. ಮೊದಲ ಎರಡು ತಂಡದ ಒತ್ತುಗಳು ಕೈಗೆ ಹತ್ತಿದ್ದವು, ಮೂರನೆಯದು ಕೆಲವೊಮ್ಮೆ ಬರುತ್ತಿತ್ತು, ಅರ್ಕಾವೊತ್ತು ಮುಟ್ಟಿರಲಿಲ್ಲ. ಹೊಟ್ಟೆನೋವು ಮಾತ್ರ ದಸರಾ ರಜೆಯ ಹೊತ್ತಿಗೇ ನಿಂತಿತ್ತು. ಅವನು ಎಂದಾದರೂ ವೇಗದ ಓದುಗನಾಗುತ್ತಾನೆ ಎಂದು ನಾನು ಯಾರಿಗೂ ಮಾತು ಕೊಡುವುದಿಲ್ಲ. ದೊಡ್ಡವನಾದ ಮೇಲೂ ನಿಧಾನವೇ ಇರಬಹುದು.

ಇಷ್ಟೆಲ್ಲ ಒಂದೇ ದಿನದಲ್ಲಿ ಮಣ್ಣುಪಾಲಾಗುವುದು ಜೂನ್ ತಿಂಗಳಲ್ಲಿ. ಮಗು ಐದನೇ ತರಗತಿಗೆ ಹೋಗುತ್ತದೆ, ಶಿಕ್ಷಕರು ಬದಲಾಗುತ್ತಾರೆ, ಹೊಸಬರು ಮೊದಲ ದಿನವೇ “ಎದ್ದು ಓದು” ಎನ್ನುತ್ತಾರೆ. ಅದಕ್ಕೆ ಮಾರ್ಚ್ ಕೊನೆಯಲ್ಲಿ ಅರ್ಧ ಹಾಳೆ ಬರೆದಿಡುವುದನ್ನು ನಾವು ರೂಢಿ ಮಾಡಿಕೊಂಡೆವು. ಮೇಡಂ ಬರೆದ ಹಾಳೆಯಲ್ಲಿ ಇದ್ದದ್ದು ಹೀಗೆ: ಕೇಳಿದರೆ ಎಲ್ಲ ತಿಳಿಯುತ್ತದೆ, ಪ್ರಶ್ನೆ ಓದಿ ಹೇಳಿ. ಹಲಗೆಯಿಂದ ಮೂರು ಸಾಲಷ್ಟೇ ಬರೆಸಿ. ಓದುವ ಸಾಲನ್ನು ಹಿಂದಿನ ದಿನ ಕೊಡಿ. ಕ್ಕ, ಗ್ಗ, ಜ್ಜ, ಪ್ಪ, ಬ್ಬ, ತ್ತ, ನ್ನ, ಮ್ಮ, ಲ್ಲ ಬರುತ್ತದೆ. ಸ್ತ, ದ್ರ ಕಲಿಯುತ್ತಿದ್ದಾನೆ. ಅರ್ಕಾವೊತ್ತು ಇನ್ನೂ ಇಲ್ಲ. ಹಾಲು, ಶಾಲೆಯನ್ನು ಸದ್ಯಕ್ಕೆ ಬಿಟ್ಟುಬಿಡಿ. ಅಮ್ಮನ ಫೋನ್ ನಂಬರ್.

ಕೆಳಗೆ ಒಂದಿಷ್ಟು ಜಾಗ ಉಳಿದಿತ್ತು. ಹೊಸ ಮೇಷ್ಟ್ರಿಗೆ ನೀನೂ ಏನಾದರೂ ಬರಿ ಕಣೋ ಎಂದು ಮೇಡಂ ಪೆನ್ನು ಕೊಟ್ಟರು. ಅವನು ನಾಲಿಗೆ ಕಚ್ಚಿಕೊಂಡು, ಮಧ್ಯೆ ಎರಡು ಸಲ ಮುಷ್ಟಿ ಬಿಗಿದು ನೋಡಿಕೊಂಡು ಬರೆದ: ‘ಸಾರ ನನ್ನ ಎದ್ದು ಓದು ಅನ್ನಬೇಡಿ. ನಾಳೆ ಓದುತಿನಿ.’ ಬರಬೇಕಾದ ನಾಲ್ಕು ಒತ್ತಿನಲ್ಲಿ ಮೂರು ಸರಿ.